ಇಬ್ಬರು ಟೈಪ್ ಮಾಡಿದ ಕೋಷ್ಟಕ ತಾಳೆಯಾಗದಿದ್ದರೆ ಎಲ್ಲಿ ಹುಡುಕಬೇಕು

ಟೈಪಿಂಗ್ ತಪ್ಪು ಸಿಕ್ಕಲಿ ಅಂತ ಒಂದು ಹಳೇ ಪುಸ್ತಕದ ಕೋಷ್ಟಕವನ್ನು ಇಬ್ಬರಿಂದ ಬೇರೆ ಬೇರೆಯಾಗಿ ಟೈಪ್ ಮಾಡಿಸಿ, ಇಬ್ಬರ ಅಂಕಿ ತಾಳೆಯಾಗದ ಸೆಲ್ ಕೆಂಪಾಗುವ ಹಾಗೆ ಮಾಡಿದ್ದೆ. ಮೊದಲ ಸಲ ತಾಳೆ ನೋಡಿದಾಗ 360 ಸೆಲ್‌ಗಳಲ್ಲಿ 171 ಕೆಂಪಾಗಿದ್ದವು. ಅರ್ಧಕ್ಕೆ ಅರ್ಧ ತಪ್ಪು. ಟೈಪ್ ಮಾಡಿದ ಇಬ್ಬರೂ ಎಚ್ಚರದವರು. ಒಬ್ಬರು ಮಲ್ಲೇಶ್ವರದಲ್ಲಿರುವ ನಮ್ಮ ಮೇಷ್ಟ್ರು, ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಇನ್ನೊಬ್ಬರು ಬನಶಂಕರಿಯಲ್ಲಿರುವ ನಮ್ಮ ಅತ್ತಿಗೆ, ವರ್ಷಗಟ್ಟಲೆ ಅಕೌಂಟ್ಸ್ ಬರೆದವರು. ಇಂಥವರ ಕೈಯಲ್ಲಿ 171 ತಪ್ಪು ಆಗುವುದಕ್ಕೆ ಸಾಧ್ಯವಿಲ್ಲ ಅಂತ ನನಗೆ ಗೊತ್ತಿತ್ತು. ಎಲ್ಲೋ ಒಂದೇ ಒಂದು ಕಡೆ ಕೆಟ್ಟಿದೆ, ಅದು ಇಷ್ಟಾಗಿ ಕಾಣಿಸುತ್ತಿದೆ ಅನ್ನಿಸಿತು. ಅದನ್ನು ಹುಡುಕಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕೋಷ್ಟಕ ಬೇರೆಯದೇ ಇರಬಹುದು, ಆದರೆ ಕೆಂಪು ಬೀಳುವ ರೀತಿಗಳು ಬಹುಪಾಲು ಇವೇ.

ನಮ್ಮ ಕೋಷ್ಟಕ ಹೀಗಿತ್ತು. ಒಂದು ತಾಲೂಕಿನ ಮಳೆ ಲೆಕ್ಕದ ರಿಜಿಸ್ಟರ್, ಕೈಬರಹ, 1921ರಿಂದ 1950ರವರೆಗೆ. ವರ್ಷಕ್ಕೊಂದು ಸಾಲು, ಅಂದರೆ 30 ಸಾಲು. ಪ್ರತಿ ಸಾಲಿನಲ್ಲಿ 12 ತಿಂಗಳು, ಆಮೇಲೆ ವರ್ಷದ ಮೊತ್ತ, ಪಕ್ಕದಲ್ಲಿ ಷರಾ ಬರೆಯುವ ಜಾಗ. ಪುಟದ ಕೊನೆಯಲ್ಲಿ ತಿಂಗಳುವಾರು 30 ವರ್ಷದ ಸರಾಸರಿ. ಅಂಕಿಗಳು ಇಂಚಿನಲ್ಲಿವೆ, ನೂರನೇ ಭಾಗದವರೆಗೆ. ಆ ನೂರನೇ ಒಂದು ಭಾಗಕ್ಕೆ ಸೆಂಟ್ ಅನ್ನುತ್ತಿದ್ದರು. 1 ಇಂಚು ಅಂದರೆ 25.4 ಮಿಲಿಮೀಟರ್, ಆದರೆ ಟೈಪ್ ಮಾಡುವಾಗ ಆ ಲೆಕ್ಕಕ್ಕೆ ಕೈ ಹಾಕಲೇಬೇಡಿ. ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೆ ಬರಲಿ, ಪರಿವರ್ತನೆ ಕೊನೆಗೆ ಒಂದೇ ಸಲ ಮಾಡಿಕೊಳ್ಳಬಹುದು. ಇಬ್ಬರಿಗೂ ಒಂದೇ ಫೋಟೊ ಕಳಿಸಿದ್ದೆ. ಮೇಷ್ಟ್ರ ಫೈಲಿಗೆ First, ಅತ್ತಿಗೆಯದಕ್ಕೆ Second ಅಂತ ಹೆಸರಿಟ್ಟು ಎರಡನ್ನೂ ಒಂದೇ ಸ್ಪ್ರೆಡ್‌ಶೀಟಿಗೆ ತಂದೆ. ಮೂರನೇ ಹಾಳೆಯಲ್ಲಿ ತಾಳೆಯಾಗದ ಸೆಲ್ ಕೆಂಪಾಗುವ ಹಾಗೆ ಮಾಡಿದೆ.

ಒಂದು ಸಾಲಿನಿಂದ ಕೆಳಕ್ಕೆ ಎಲ್ಲಾ ಕೆಂಪು

ಒಂದೊಂದೇ ಸೆಲ್ ತೆಗೆದು ಸರಿ ಮಾಡೋಕೆ ಕೂತುಬಿಡಬೇಡಿ. ಮೊದಲು ಹಾಳೆಯನ್ನು ಚಿಕ್ಕದಾಗಿ ಮಾಡಿ, ಪೂರ್ತಿ ಒಂದೇ ನೋಟಕ್ಕೆ ಸಿಗುವ ಹಾಗೆ ನೋಡಿ. ನಾನು ಹಾಗೆ ನೋಡಿದ ಕೂಡಲೇ ಅರ್ಧ ಉತ್ತರ ಸಿಕ್ಕಿತು. 1921ರಿಂದ 1933ರವರೆಗಿನ 13 ಸಾಲುಗಳಲ್ಲಿ ಬರೀ 4 ಕೆಂಪು. 1934ರಿಂದ ಕೊನೆಯವರೆಗಿನ 17 ಸಾಲುಗಳಲ್ಲಿ 167. ಅಲ್ಲಿ ಕೆಂಪಾಗದೆ ಉಳಿದ ಸೆಲ್‌ಗಳು ಹೆಚ್ಚುಕಡಿಮೆ ಎಲ್ಲವೂ ಜನವರಿ ಮತ್ತು ಫೆಬ್ರವರಿಯವು. ನಮ್ಮ ಕಡೆ ಆ ತಿಂಗಳುಗಳಲ್ಲಿ ಮಳೆ ಅಪರೂಪ, ಬಹಳ ಸಾಲುಗಳಲ್ಲಿ ಸೊನ್ನೆಯೇ ಇರುತ್ತದೆ. ಯಾವ ವರ್ಷದ ಸೊನ್ನೆಯನ್ನು ಯಾವ ವರ್ಷದ ಸೊನ್ನೆಯ ಪಕ್ಕ ಇಟ್ಟರೂ ತಾಳೆಯಾಗುತ್ತದೆ ಅಲ್ವಾ? ಅಲ್ಲಿಗೆ ಇದು ಓದಿನ ತಪ್ಪಲ್ಲ, ಸಾಲು ಜಾರಿದೆ ಅಂತ ಗೊತ್ತಾಯಿತು.

ಪರೀಕ್ಷೆ ಸುಲಭ. ಒಬ್ಬರ ಸಾಲನ್ನು ಇನ್ನೊಬ್ಬರ ಹಿಂದಿನ ಸಾಲಿನ ಜೊತೆ ಹೋಲಿಸಿ. ತಲೆಬರಹ ಮೊದಲ ಸಾಲಿನಲ್ಲಿದ್ದರೆ 1934 ಇರುವುದು 15ನೇ ಸಾಲಿನಲ್ಲಿ, 1935 ಇರುವುದು 16ನೇ ಸಾಲಿನಲ್ಲಿ.

```
=First!B16=Second!B15
```

ಇದನ್ನು ಅಡ್ಡಕ್ಕೂ ಕೆಳಕ್ಕೂ ಎಳೆದೆ. ಕೆಂಪು ಹೆಚ್ಚುಕಡಿಮೆ ಮಾಯವಾಯಿತು. ಅತ್ತಿಗೆಯ ಹಾಳೆಯಲ್ಲಿ 1934 ಅಂತ ಇದ್ದ ಕಡೆ 1935ರ ಮಳೆ ಇತ್ತು, 1935ರ ಕಡೆ 1936ರದ್ದು. ಕೊನೆಯ 1950ರ ಸಾಲು ಖಾಲಿ. ಪಕ್ಕದಲ್ಲಿ ಅವರೇ ‘ಈ ಸಾಲು ಫೋಟೊದಲ್ಲಿ ಬಂದಿಲ್ಲ’ ಅಂತ ಬರೆದಿದ್ದರು! ಆ ಟಿಪ್ಪಣಿಯನ್ನು ನಾನು ಮೊದಲೇ ಓದಿದ್ದರೆ ಒಂದು ಸಂಜೆ ಉಳಿಯುತ್ತಿತ್ತು.

ಕಣ್ಣು ಯಾಕೆ ಜಾರಿತು ಅಂತ ಫೋಟೊ ನೋಡಿದರೆ ತಿಳಿಯುತ್ತದೆ. 1934 ಮತ್ತು 1935 ಎರಡೂ ಸಾಲುಗಳು ಮೂರು ಸೊನ್ನೆಗಳಿಂದ ಶುರುವಾಗುತ್ತವೆ. ಸೊನ್ನೆಗಳನ್ನು ಟೈಪ್ ಮಾಡಿ ತಲೆಯೆತ್ತಿದಾಗ ಕಣ್ಣು ಕೆಳಗಿನ ಸಾಲಿಗೆ ಹೋಗಿದೆ. ಅದು ಯಾರಿಗಾದರೂ ಆಗುವಂಥದ್ದು. ಆದರೆ ಅದು ಗೊತ್ತಾಗದೆ ಹೋದದ್ದಕ್ಕೆ ಕಾರಣ ಬೇರೆ. ಅತ್ತಿಗೆ ವರ್ಷಗಳನ್ನು ಪುಸ್ತಕ ನೋಡಿ ಟೈಪ್ ಮಾಡಿರಲಿಲ್ಲ. 1921, 1922 ಅಂತ ಎರಡು ಹಾಕಿ ಮೌಸ್ ಹಿಡಿದು 1950ರವರೆಗೆ ಎಳೆದುಬಿಟ್ಟಿದ್ದರು. ನಾವೆಲ್ಲಾ ಮಾಡುವುದೇ ಹಾಗೆ. ವರ್ಷದ ಕಾಲಂ ಆಗಲೇ ತುಂಬಿ ನಿಂತಿದ್ದರೆ ಬಿಟ್ಟುಹೋದ ಸಾಲು ಅದರ ಹಿಂದೆ ಅಡಗಿಕೊಳ್ಳುತ್ತದೆ. ಮೇಷ್ಟ್ರು ಮಾತ್ರ ಪ್ರತಿ ಸಾಲಿನ ಶುರುವಿನಲ್ಲಿ ಪುಸ್ತಕದಲ್ಲಿರುವ ವರ್ಷವನ್ನು ನೋಡಿ ಹೊಡೆದು, ಆಮೇಲೆ ಮಳೆಗೆ ಹೋಗಿದ್ದರು. ಅವರ ಹಾಗೆ ಮಾಡಿದವರು ಒಂದು ಸಾಲು ಬಿಟ್ಟರೆ ಒಂದು ವರ್ಷವೂ ಬಿಟ್ಟುಹೋಗುತ್ತದೆ, ಕಣ್ಣಿಗೆ ಬೀಳುತ್ತದೆ.

ಸರಿ ಮಾಡುವ ರೀತಿ ಇದು: ಅತ್ತಿಗೆಯ ಹಾಳೆಯ ನಕಲು ತೆಗೆದು, ಅದರಲ್ಲಿ 1934ರ ಜಾಗದಿಂದ ಮಳೆಯ ಅಂಕಿಗಳನ್ನೆಲ್ಲಾ ಒಂದು ಸಾಲು ಕೆಳಕ್ಕೆ ತಳ್ಳಬೇಕು. ಬಿಟ್ಟ 1934ರ ಸಾಲನ್ನು ಅತ್ತಿಗೆಯೇ ಫೋಟೊ ನೋಡಿ ತುಂಬಬೇಕು. ಮೇಷ್ಟ್ರ ಹಾಳೆಯಿಂದ ಆ 12 ಅಂಕಿ ಎತ್ತಿ ಹಾಕಿದರೆ ಆ ಸಾಲಿಗೆ ಎರಡನೇ ಕಣ್ಣೇ ಇರುವುದಿಲ್ಲ. ಅತ್ತಿಗೆ ಮತ್ತೆ ಟೈಪ್ ಮಾಡಿ ಕಳಿಸಿದರು, ಆ ಸಾಲಿನಲ್ಲಿ ವ್ಯತ್ಯಾಸ ಒಂದೂ ಬರಲಿಲ್ಲ. ಒಟ್ಟು ಕೆಂಪು 171ರಿಂದ 9ಕ್ಕೆ ಇಳಿಯಿತು.

ಶುರುವಿನಿಂದಲೇ ಹಾಳೆ ಪೂರ್ತಿ ಕೆಂಪಾಗಿದ್ದರೆ ಅದು ಇನ್ನೂ ಸುಲಭದ ಕೇಸು. ಒಬ್ಬರ ಅಂಕಿಗಳು ಅಂಕಿಗಳಾಗಿ ಉಳಿದಿಲ್ಲ ಅಂತ ಅರ್ಥ. ಒಬ್ಬರು ೧.೨೪ ಅಂತ ಕನ್ನಡ ಅಂಕಿಯಲ್ಲಿ ಹೊಡೆದು ಇನ್ನೊಬ್ಬರು 1.24 ಅಂತ ಹೊಡೆದರೆ ನಮಗೆ ಎರಡೂ ಒಂದೇ, ಸ್ಪ್ರೆಡ್‌ಶೀಟಿಗೆ ಅಲ್ಲ. ಕನ್ನಡ ಅಂಕಿ ಬರೀ ಅಕ್ಷರವಾಗಿ ಕೂರುತ್ತದೆ, ಕೂಡಿಸಿದರೆ ಮೊತ್ತಕ್ಕೆ ಸೇರುವುದಿಲ್ಲ. ಕೆಲವರು ಅನುಸ್ವಾರವನ್ನೇ ಸೊನ್ನೆಯ ಬದಲು ಹಾಕಿರುತ್ತಾರೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಹುಡುಕಿ ಬದಲಿಸುವ ಸೌಲಭ್ಯದಲ್ಲಿ ಹತ್ತೂ ಅಂಕಿಗಳನ್ನು, ಜೊತೆಗೆ ಆ ಅನುಸ್ವಾರವನ್ನೂ ಬದಲಿಸಿದರೆ ಮುಗಿಯಿತು.

ಕೆಂಪಾಗಬೇಕಾದ ಕಡೆ ಕೆಂಪಾಗದಿದ್ದರೆ

ಇದು ಹೆಚ್ಚು ಅಪಾಯದ್ದು, ಯಾಕೆಂದರೆ ಇದಕ್ಕೆ ಲಕ್ಷಣವೇ ಇಲ್ಲ. ಮೊದಲ ಸಲ ನಾನು ತಾಳೆ ನೋಡಲು ಬಳಸಿದ್ದು ಎಲ್ಲರೂ ಬಳಸುವ ಸೂತ್ರ:

```
=First!B2=Second!B2
```

ನೋಡೋಕೆ ಏನೂ ಕೊರತೆ ಇಲ್ಲ. ಆದರೆ ಒಂದು ಕಡೆ 0 ಇದ್ದು ಇನ್ನೊಂದು ಕಡೆ ಸೆಲ್ ಖಾಲಿ ಇದ್ದರೆ ಎಕ್ಸೆಲ್ ಇವೆರಡೂ ಸಮ ಅನ್ನುತ್ತದೆ. ಮಳೆ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. 0 ಅಂದರೆ ದಿನಾ ಹೋಗಿ ಮಾಪಕ ನೋಡಿದ್ದಾರೆ, ಮಳೆ ಬಂದಿಲ್ಲ. ಖಾಲಿ ಅಂದರೆ ಯಾರೂ ನೋಡಿಲ್ಲ, ಅಥವಾ ಬರೆದಿಲ್ಲ. ಮೊದಲನೆಯದು ಬರಗಾಲದ ಸಾಕ್ಷಿ, ಎರಡನೆಯದು ಯಾವುದರ ಸಾಕ್ಷಿಯೂ ಅಲ್ಲ. ಸೂತ್ರವನ್ನು ಹೀಗೆ ಬದಲಿಸಿದೆ:

```
=EXACT(First!B2,Second!B2)
```

9 ಇದ್ದ ಕೆಂಪು 14 ಆಯಿತು. ಹೊಸದಾಗಿ ಎದ್ದ 5 ಸೆಲ್‌ಗಳಲ್ಲೂ ಪುಸ್ತಕದಲ್ಲಿ ಒಂದು ಸಣ್ಣ ಅಡ್ಡಗೆರೆ ಇತ್ತು. ಮೇಷ್ಟ್ರು ಗೆರೆ ಅಂದರೆ ‘ಏನಿಲ್ಲ’ ಅಂತ ತಿಳಿದು 0 ಹೊಡೆದಿದ್ದರು. ಅತ್ತಿಗೆ ಗೆರೆ ಅಂದರೆ ‘ಬರೆದಿಲ್ಲ’ ಅಂತ ತಿಳಿದು ಖಾಲಿ ಬಿಟ್ಟಿದ್ದರು. ತಪ್ಪು ಇಬ್ಬರದ್ದೂ ಅಲ್ಲ, ಶುರುವಿನಲ್ಲೇ ನಿಯಮ ಹೇಳದ ನನ್ನದು.

ಇಂಥ ಕಡೆ ಯಾರು ಸರಿ ಅಂತ ಕೇಳಿ ಫಲವಿಲ್ಲ, ಪುಸ್ತಕವನ್ನೇ ಕೇಳಬೇಕು. ಅದೇ ಗುಮಾಸ್ತರು ಬೇರೆ ವರ್ಷಗಳ ಜನವರಿಯಲ್ಲಿ ಸ್ಪಷ್ಟವಾಗಿ 0 ಬರೆದಿದ್ದಾರೆ. ಹಾಗಾದರೆ ಗೆರೆಗೆ ಬೇರೆ ಅರ್ಥ ಇರಲೇಬೇಕು. 5 ಗೆರೆಗಳಲ್ಲಿ 3 ಒಂದೇ ವರ್ಷದವು, ಅದೂ ಸಾಲಾಗಿ ಮೂರು ತಿಂಗಳು. ಆ ಸಾಲಿನ ಷರಾದಲ್ಲಿ ಮಾಪಕ ರಿಪೇರಿಗೆ ಹೋಗಿತ್ತು ಅಂತ ಬರೆದಿದೆ. ಆ ಮೂರು ಖಂಡಿತ ಸೊನ್ನೆ ಅಲ್ಲ. ಉಳಿದ ಎರಡರ ಬಗ್ಗೆ ಪುಸ್ತಕ ಏನೂ ಹೇಳುವುದಿಲ್ಲ. ಆದ್ದರಿಂದ ಐದೂ ಕಡೆ ಗೆರೆಯನ್ನು ಗೆರೆಯಾಗಿಯೇ ಉಳಿಸಿದೆವು. ಈಗ ನಮ್ಮ ನಿಯಮ: 0 ಕಂಡರೆ 0, ಗೆರೆ ಕಂಡರೆ ಗೆರೆ, ಏನೂ ಇಲ್ಲದಿದ್ದರೆ x, ಇದ್ದೂ ಓದೋಕೆ ಆಗದಿದ್ದರೆ ಪ್ರಶ್ನೆಚಿಹ್ನೆ. ಯಾವ ಸೆಲ್ಲೂ ಖಾಲಿ ಉಳಿಯಬಾರದು. ಖಾಲಿ ಸೆಲ್ ಕಂಡರೆ ಅದು ಟೈಪ್ ಮಾಡಿದವರು ಬಿಟ್ಟದ್ದು ಅಂತ ತಕ್ಷಣ ತಿಳಿಯುತ್ತದೆ.

ಅಲ್ಲೊಂದು ಇಲ್ಲೊಂದು ಕೆಂಪು

ಉಳಿದ 9 ನಿಜವಾದ ವ್ಯತ್ಯಾಸಗಳು. ಇವುಗಳಲ್ಲಿ ಫೋಟೊ ತೆರೆಯುವ ಮೊದಲೇ ಒಂದರಿಂದ ಇನ್ನೊಂದನ್ನು ಕಳೆದು ನೋಡಿ. ಅತ್ತಿಗೆಗೆ ಇದು ಅಕೌಂಟ್ಸ್ ಬರೆಯುವಾಗಿನಿಂದ ಬಂದ ಅಭ್ಯಾಸ. ಒಂದು ಕಡೆ 6.72, ಇನ್ನೊಂದು ಕಡೆ 6.27. ವ್ಯತ್ಯಾಸ 45 ಸೆಂಟ್, ಅದು 9ರಿಂದ ಭಾಗವಾಗುತ್ತದೆ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಚುಕ್ಕಿ ಒಂದು ಮನೆ ಸರಿದರೂ ಅಷ್ಟೇ: 5.40 ಮತ್ತು 0.54ರ ನಡುವೆ 486 ಸೆಂಟ್, ಅಂದರೆ 9ರ 54 ಪಟ್ಟು. ನಮ್ಮ 9ರಲ್ಲಿ 3 ಅದಲುಬದಲು, 2 ಚುಕ್ಕಿಯವು. ಇವು ಬೆರಳಿನ ತಪ್ಪುಗಳು. ಪುಸ್ತಕದಲ್ಲಿ ಅಂಕಿ ಸ್ಪಷ್ಟವಾಗಿಯೇ ಇರುತ್ತದೆ, ಫೋಟೊ ಒಮ್ಮೆ ನೋಡಿದರೆ ಇತ್ಯರ್ಥ.

ಉಳಿದ 4 ಕಣ್ಣಿನ ತಪ್ಪುಗಳು. ಒಂದೇ ಒಂದು ಅಂಕಿ ಬೇರೆ ಇದ್ದು ವ್ಯತ್ಯಾಸ 6, 60 ಅಥವಾ 600 ಸೆಂಟ್ ಬಂದರೆ 1 ಮತ್ತು 7, ಇಲ್ಲವೇ 0 ಮತ್ತು 6 ಗೊಂದಲ ಆಗಿರುತ್ತದೆ. 5, 50, 500 ಬಂದರೆ 3 ಮತ್ತು 8, ಅಥವಾ 4 ಮತ್ತು 9. ಇಲ್ಲಿ ಒಂದು ಅಂಕಿ ದಿಟ್ಟಿಸಿದರೆ ಸಾಲದು. ಅದೇ ಪುಟದಲ್ಲಿ ಅದೇ ಕೈ ಬರೆದ ಬೇರೆ ಏಳುಗಳನ್ನು ಹುಡುಕಿ. ನಮ್ಮ ಗುಮಾಸ್ತರು 7ರ ತಲೆಗೆ ಎಡಗಡೆ ಸಣ್ಣ ಕೊಂಡಿ ಹಾಕುತ್ತಾರೆ, 1ಕ್ಕೆ ಹಾಕುವುದಿಲ್ಲ. ಅದು ಗೊತ್ತಾದ ಮೇಲೆ ಗೊಂದಲವೇ ಉಳಿಯಲಿಲ್ಲ.

ತೀರ್ಮಾನ ಮಾಡುವ ರೀತಿಯಲ್ಲೂ ಒಂದು ದೋಷ ಇತ್ತು. ಮೊದಲು ನಾನು ಇಬ್ಬರನ್ನೂ ಫೋನಿನಲ್ಲಿ ಸೇರಿಸಿ, ಒಂದೊಂದೇ ಸೆಲ್ ಓದಿದೆ. ‘ನನಗೆ ಏಳು ಅಂತಲೇ ಕಂಡಿತಮ್ಮ’ ಅಂದರು ಮೇಷ್ಟ್ರು. ‘ಹಾಗಾದ್ರೆ ಏಳೇ ಇರಲಿ ಬಿಡಿ ಸಾರ್’ ಅಂದರು ಅತ್ತಿಗೆ. ಮೂರನೇ ಸೆಲ್‌ಗೂ ಇದೇ ಮಾತು ಬಂದಾಗ ನಿಲ್ಲಿಸಿದೆ. ಅತ್ತಿಗೆಗೆ ತಮ್ಮ ಅಂಕಿಯ ಮೇಲೆ ಅನುಮಾನ ಇರಲಿಲ್ಲ. ಹಿರಿಯರ ಎದುರು ಮಾತು ಬೆಳೆಸಬಾರದು ಅಂತ ಸುಮ್ಮನಾಗಿದ್ದರು, ಅಷ್ಟೇ. ಆಮೇಲೆ ಫೋಟೊ ನೋಡಿದರೆ ಆ ಮೂರರಲ್ಲಿ ಎರಡು ಅತ್ತಿಗೆಯದೇ ಸರಿ ಇತ್ತು.

ಈಗ ಹೀಗೆ ಮಾಡುತ್ತೇವೆ. ಕೆಂಪಾದ ಸೆಲ್‌ಗಳ ವರ್ಷ ಮತ್ತು ತಿಂಗಳು ಮಾತ್ರ ಒಂದು ಪಟ್ಟಿ. ಮೂರನೆಯವರು ಇಬ್ಬರ ಅಂಕಿಯನ್ನೂ ನೋಡದೆ, ಫೋಟೊದಿಂದ ತಮಗೆ ಕಂಡದ್ದನ್ನು ಮೊದಲು ಬರೆಯುತ್ತಾರೆ. ಆಮೇಲೆ ಇಬ್ಬರ ಅಂಕಿಗಳನ್ನು ಹೆಸರಿಲ್ಲದೆ ಪಕ್ಕದಲ್ಲಿ ಇಡುತ್ತೇವೆ. ಮೂರನೆಯವರದ್ದು ಇಬ್ಬರಲ್ಲಿ ಒಬ್ಬರಿಗೆ ಕೂಡಿದರೆ ಅದು ನಿಲ್ಲುತ್ತದೆ. ಮೂರೂ ಬೇರೆ ಬೇರೆ ಬಂದರೆ ಪ್ರಶ್ನೆಚಿಹ್ನೆ. ತೀರ್ಮಾನವನ್ನು ಬೇರೆ ಹಾಳೆಯಲ್ಲಿ ಬರೆಯುತ್ತೇವೆ, ಇಬ್ಬರು ಕಳಿಸಿದ ಮೂಲ ಹಾಳೆಗಳನ್ನು ತಿದ್ದುವುದಿಲ್ಲ. ಮುಂದೆ ಯಾವ ಅಂಕಿಗೆ ಅನುಮಾನ ಬಂದರೂ ಹಿಂದಕ್ಕೆ ಹೋಗಿ ನೋಡಬಹುದು.

ಕೆಂಪೇ ಇಲ್ಲದಿದ್ದರೆ

ಇನ್ನೊಂದು ಪುಟದಲ್ಲಿ 360 ಸೆಲ್‌ಗೆ ಒಂದೇ ಒಂದು ಕೆಂಪು ಬಂತು. ಮೊದಲ ಪುಟದಲ್ಲಿ 14 ವ್ಯತ್ಯಾಸ ಮಾಡಿದ ಅದೇ ಇಬ್ಬರು, ಅದೇ ಕೈಬರಹ. ಖುಷಿಪಡುವ ಮೊದಲು ಸಾಲುಗಳ ಮೊತ್ತ ನೋಡಿದೆ. ಒಂದು ಸಾಲಿನಲ್ಲಿ 1.24 ಇರಬೇಕಾದ ಕಡೆ ಇಬ್ಬರೂ 12.4 ಹೊಡೆದಿದ್ದರು. ಪುಸ್ತಕದಲ್ಲಿ ಆ ಚುಕ್ಕಿ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿದೆ. ಮಸುಕಾದ ಅಂಕಿಯನ್ನು ಇಬ್ಬರೂ ಒಂದೇ ರೀತಿ ತಪ್ಪು ಓದಬಹುದು. ಸ್ಪಷ್ಟವಾದ ಅಂಕಿಯಲ್ಲಿ ಇಬ್ಬರ ಬೆರಳೂ ಒಂದೇ ರೀತಿ ಜಾರುವುದು ತೀರಾ ಅಪರೂಪ. ಅತ್ತಿಗೆಯನ್ನು ಕೇಳಿದೆ. ಕಾಲಂಗಳು ಹೇಗಿರಬೇಕು ಅಂತ ತೋರಿಸೋಕೆ ಮೇಷ್ಟ್ರು ತಮ್ಮ ತುಂಬಿದ ಫೈಲನ್ನೇ ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಅತ್ತಿಗೆ ಅದರ ಮೇಲೇ ನೋಡುತ್ತಾ ಹೋಗಿ, ತಪ್ಪು ಕಂಡ ಕಡೆ ತಿದ್ದಿದ್ದರು. ಅದು ಎರಡನೇ ಟೈಪಿಂಗ್ ಅಲ್ಲ, ಪ್ರೂಫ್ ನೋಡಿದ್ದು. ಪ್ರೂಫ್ ನೋಡುವಾಗ ಕಣ್ಣು ಎದುರಿಗಿರುವ ಅಂಕಿಯನ್ನು ಒಪ್ಪಿಕೊಂಡುಬಿಡುತ್ತದೆ. ಪುಟ ಮತ್ತೆ ಟೈಪ್ ಆಯಿತು. ಈಗ ತಲೆಬರಹ ಮಾತ್ರ ಇರುವ ಖಾಲಿ ಹಾಳೆಯನ್ನು ನಾನೇ ಇಬ್ಬರಿಗೂ ಕಳಿಸುತ್ತೇನೆ, ಎರಡೂ ನನ್ನ ಕೈ ಸೇರುವವರೆಗೆ ಅವರು ಆ ಪುಟದ ಮಾತು ಆಡುವುದಿಲ್ಲ.

ಇಬ್ಬರೂ ಒಪ್ಪಿದ್ದಾರೆ, ಮೊತ್ತ ಒಪ್ಪುತ್ತಿಲ್ಲ

ಒಬ್ಬೊಬ್ಬರು 100ಕ್ಕೆ 1 ತಪ್ಪು ಮಾಡಿದರೆ ಇಬ್ಬರೂ ಒಂದೇ ಸೆಲ್‌ನಲ್ಲಿ ತಪ್ಪುವುದು 10,000ಕ್ಕೆ 1 ಅಂತ ಲೆಕ್ಕ ಹೇಳುತ್ತದೆ. ಆ ಲೆಕ್ಕ ನಿಲ್ಲುವುದು ಒಬ್ಬರ ತಪ್ಪಿಗೂ ಇನ್ನೊಬ್ಬರ ತಪ್ಪಿಗೂ ಸಂಬಂಧ ಇಲ್ಲದಿದ್ದಾಗ ಮಾತ್ರ. ಮಸಿ ಮಾಸಿದ ಕಡೆ, ಕಾಗದ ಮಡಿಚಿದ ಕಡೆ ಸಂಬಂಧ ಇದ್ದೇ ಇರುತ್ತದೆ, ಯಾಕೆಂದರೆ ಇಬ್ಬರೂ ಅದೇ ಮಡಿಕೆಯನ್ನು ನೋಡುತ್ತಿದ್ದಾರೆ. ಇಲ್ಲಿ ಎರಡು ಸಲ ಟೈಪ್ ಮಾಡುವ ಪದ್ಧತಿ ಕೈ ಬಿಡುತ್ತದೆ. ಕೈ ಹಿಡಿಯುವುದು ಪುಸ್ತಕದ ಮೊತ್ತ. ಆದ್ದರಿಂದಲೇ ಮೊತ್ತದ ಕಾಲಂ ಅನ್ನೂ ಪುಸ್ತಕ ನೋಡಿಯೇ ಟೈಪ್ ಮಾಡಬೇಕು, ಅಲ್ಲಿ ಸೂತ್ರ ಹಾಕಬಾರದು. ನಮ್ಮ ಮೊತ್ತ ಅದರ ಪಕ್ಕದ ಕಾಲಂನಲ್ಲಿರಲಿ.

1942ರ ಸಾಲಿನಲ್ಲಿ ಇಬ್ಬರೂ ಒಪ್ಪಿದ ಅಂಕಿಗಳು ಇವು, ಜನವರಿಯಿಂದ ಡಿಸೆಂಬರ್‌ವರೆಗೆ:

```
0  0.12  0.40  1.85  4.63  2.71
3.08  4.95  6.24  3.31  2.10  0.35
```

ಕೂಡಿದರೆ 29.74. ಪುಸ್ತಕದ ಮೊತ್ತ 34.74. ಸರಿಯಾಗಿ 5.00 ಕಡಿಮೆ. ಒಂದೇ ಅಂಕಿ ತಪ್ಪಿದ್ದರೆ ಅದು ಚುಕ್ಕಿಯ ಎಡಗಡೆಯದ್ದೇ ಆಗಿರಬೇಕು, 3ನ್ನು 8 ಅಂತಲೋ 4ನ್ನು 9 ಅಂತಲೋ ಓದಬೇಕಿತ್ತು. ಅಂಥ ಸೆಲ್ ನಾಲ್ಕೇ: ಮೇ, ಜುಲೈ, ಆಗಸ್ಟ್, ಅಕ್ಟೋಬರ್. ಫೋಟೊ ದೊಡ್ಡದು ಮಾಡಿ ನಾಲ್ಕನ್ನೂ ನೋಡಿದೆ. ಮೂರು ಸ್ಪಷ್ಟ. ಅಕ್ಟೋಬರ್ ಕಾಲಂನ ಎಡಕ್ಕೆ ಪುಟದ ಮಡಿಕೆ ಬಂದಿದೆ, ಅಂಕಿಯ ಎಡಗಡೆಯ ಮಸಿ ಅದರಲ್ಲಿ ಉದುರಿಹೋಗಿದೆ. ಎಂಟರ ಎಡಭಾಗ ಉದುರಿದರೆ ಉಳಿಯುವುದು ಮೂರು. ಕಾಗದದ ಮೇಲೆ ನಿಬ್ಬಿನ ಗೀರು ಮಾತ್ರ ಸಣ್ಣಗೆ ಕಾಣುತ್ತಿತ್ತು.

ಅಷ್ಟಕ್ಕೇ ನಂಬಿಬಿಡಬಾರದು ಅಂತ ಕೆಳಗಿನ ಸರಾಸರಿಯ ಸಾಲನ್ನೂ ನೋಡಿದೆ. ಅಕ್ಟೋಬರಿನಲ್ಲಿ ಗೆರೆ ಹಾಕಿದ ವರ್ಷ ಯಾವುದೂ ಇಲ್ಲ, 30 ವರ್ಷವೂ ಇದೆ. ಪುಸ್ತಕದ ಅಕ್ಟೋಬರ್ ಸರಾಸರಿ ನಮ್ಮದಕ್ಕಿಂತ 0.17 ಹೆಚ್ಚಿತ್ತು. 5.00ನ್ನು 30ರಿಂದ ಭಾಗಿಸಿದರೆ ಬರುವುದು ಅದೇ. ಅಡ್ಡಕ್ಕೂ ಉದ್ದಕ್ಕೂ ಎರಡೂ ಕಡೆಯಿಂದ ಬೆರಳು ಒಂದೇ ಸೆಲ್ ತೋರಿಸಿತು. 3.31 ಇದ್ದದ್ದು 8.31 ಆಯಿತು. ಮಡಿಕೆ, ಮೊತ್ತ, ಸರಾಸರಿ ಮೂರನ್ನೂ ಕಾರಣವಾಗಿ ಷರಾದಲ್ಲಿ ಬರೆದೆ.

ಮೊತ್ತ ಕೂಡದ ಸಾಲು ಇನ್ನೊಂದಿತ್ತು, 1928. ಇಲ್ಲಿ ಪುಸ್ತಕದ ಮೊತ್ತ ನಮ್ಮದಕ್ಕಿಂತ 1.00 ಕಡಿಮೆ. 12 ಸೆಲ್‌ಗಳನ್ನೂ ದೊಡ್ಡದು ಮಾಡಿ ನೋಡಿದೆ, ಒಂದರಲ್ಲೂ ಅನುಮಾನ ಇಲ್ಲ. ತಿಂಗಳ ಸರಾಸರಿಗಳೂ ನಮ್ಮ ಅಂಕಿಗಳಿಗೆ ಕೂಡುತ್ತವೆ. ಹಾಗಾದರೆ ತಪ್ಪಿದ್ದು ಮೊತ್ತ ಹಾಕುವಾಗ. ಚುಕ್ಕಿಯ ಬಲಗಡೆ ಕೂಡಿ ದಶಕ ಎಡಕ್ಕೆ ಒಯ್ಯುವಾಗ ಗುಮಾಸ್ತರು ಒಂದು ಬಿಟ್ಟಿದ್ದಾರೆ. ಮೇಷ್ಟ್ರಿಗೆ ಅದನ್ನು ತಿದ್ದಿಬಿಡಬೇಕು ಅಂತ ಬಹಳ ಮನಸ್ಸಿತ್ತು. ತಿದ್ದಲಿಲ್ಲ. ಪುಸ್ತಕದ ಮೊತ್ತ ಅದರ ಕಾಲಂನಲ್ಲಿ ಹಾಗೇ ಇದೆ, ನಮ್ಮದು ಪಕ್ಕದಲ್ಲಿದೆ. ಷರಾದಲ್ಲಿ ಮೇಷ್ಟ್ರೇ ಬರೆದರು: ‘ಪುಸ್ತಕದ ಮೊತ್ತ 1.00 ಕಡಿಮೆ. ತಿಂಗಳ ಅಂಕಿಗಳು ಸ್ಪಷ್ಟವಾಗಿವೆ.’